ಐದು ಸಾವಿರ ಡಾಲರ್ ಕಳಿಸಿದರೂ ಅಪ್ಪನ ಸಾಲ ತೀರಲಿಲ್ಲ

ಅಪ್ಪನ ಮನೆ ಸಾಲದ ಕೊನೆಯ ಕಂತುಗಳನ್ನು ಒಂದೇ ಸಲ ಕಟ್ಟಿ ಮುಗಿಸಿಬಿಡೋಣ ಅಂತ ಹೊರಟ ಕೆಲಸ ಇದು. ಎರಡು ವಾರದಲ್ಲಿ ಮುಗಿಯಿತು, ಆದರೆ ಆ ಎರಡು ವಾರ ನನಗೂ ಅಪ್ಪನಿಗೂ ನಿದ್ದೆ ಸರಿ ಇರಲಿಲ್ಲ. ಅಮೆರಿಕದಿಂದ ಭಾರತಕ್ಕೆ ಹಣ ಕಳಿಸುವವರು ಯಾರಾದರೂ ಇದನ್ನು ಓದಿ ಒಂದು ಸುತ್ತು ಓಡಾಟ ತಪ್ಪಿಸಿಕೊಂಡರೆ ಸಾಕು ಅನ್ನುವ ಆಸೆಯಿಂದ, ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ. ಲೆಕ್ಕ ಹಿಡಿಯಲು ಸುಲಭವಾಗಲಿ ಅಂತ ಆ ದಿನಗಳ ಮಾರುಕಟ್ಟೆ ದರವನ್ನು ಡಾಲರಿಗೆ 85.00 ರೂಪಾಯಿ ಎಂದು ಪೂರ್ಣಾಂಕಕ್ಕೆ ತಂದಿದ್ದೇನೆ. ಉಳಿದ ದರಗಳನ್ನೂ ಅದಕ್ಕೆ ಹೊಂದಿಸಿದ್ದೇನೆ.

ಸಾಲ ಕೊಟ್ಟ ಬ್ಯಾಂಕಿನಿಂದ ಅಪ್ಪ ಫೋರ್‌ಕ್ಲೋಷರ್ ಲೆಟರ್ ತಂದಿದ್ದರು. ಕಟ್ಟಬೇಕಾದದ್ದು ₹4,21,800. ಆ ತಿಂಗಳ 20ರ ಶುಕ್ರವಾರದವರೆಗೆ ಮಾತ್ರ ಆ ಮೊತ್ತ, ಆಮೇಲೆ ದಿನಕ್ಕೆ ₹104ರಂತೆ ಬಡ್ಡಿ ಸೇರುತ್ತದೆ ಎಂದು ಅದರಲ್ಲೇ ಬರೆದಿತ್ತು. ನಾನು ಫೋನಿನಲ್ಲಿ ದರ ನೋಡಿದೆ, 5,000ವನ್ನು 85ರಿಂದ ಗುಣಿಸಿದೆ, 4,25,000 ಬಂತು. ಮೂರು ಸಾವಿರಕ್ಕೂ ಹೆಚ್ಚು ಉಳಿಯುತ್ತದಲ್ಲ ಅಂದುಕೊಂಡೆ. ಮುಂದಿನ ತೊಂದರೆಯೆಲ್ಲ ಶುರುವಾದದ್ದು ಈ ಒಂದು ಗುಣಾಕಾರದಿಂದ.

ಹುಡುಕಿದಾಗ ಪರದೆಯ ಮೇಲೆ ದೊಡ್ಡದಾಗಿ ಕಾಣುವ ಆ ದರ, ದೊಡ್ಡ ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಳ್ಳುವ ಬೆಲೆ ಮತ್ತು ಮಾರುವ ಬೆಲೆಗಳ ನಡುವಿನ ಬಿಂದು. ಮಿಡ್ ಮಾರ್ಕೆಟ್ ರೇಟ್ ಅನ್ನುತ್ತಾರೆ. ನಮ್ಮಂಥವರಿಗೆ ಕೊಡುವ ದರ ಅದಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟು ಹಣ ಕಳಿಸಿಕೊಡುವವರ ಪಾಲು, ಅದೇ ಮಾರ್ಜಿನ್. ಶುಲ್ಕವಾದರೆ ರಸೀದಿಯಲ್ಲಿ ಒಂದು ಸಾಲಾಗಿ ಕಾಣುತ್ತದೆ. ಮಾರ್ಜಿನ್ ದರದೊಳಗೇ ಕರಗಿ ಹೋಗಿರುತ್ತದೆ, ಎಲ್ಲೂ ಬೇರೆ ಅಂಕಿಯಾಗಿ ಕಾಣುವುದಿಲ್ಲ.

ಅದಕ್ಕೆ ಮುಂಚೆ ಎರಡು ವರ್ಷ ಪ್ರತಿ ತಿಂಗಳು 500 ಡಾಲರ್ ಕಳಿಸುತ್ತಿದ್ದೆ. ನನ್ನ ಬ್ಯಾಂಕಿನ ವೆಬ್‌ಸೈಟಿನಲ್ಲೇ, ರೂಪಾಯಿಯಾಗಿ ಬದಲಾಯಿಸಿ ಕಳಿಸುವ ವೈರ್, ಅಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ಹಣ ದಾಟಿಸುವ ವ್ಯವಸ್ಥೆ. ರೂಪಾಯಿಯಲ್ಲಿ ಕಳಿಸಿದರೆ ಶುಲ್ಕ ಸೊನ್ನೆ, ಡಾಲರಿನಲ್ಲೇ ಕಳಿಸಿದರೆ 45 ಡಾಲರ್. ಸೊನ್ನೆ ಕಂಡ ಮೇಲೆ ಇನ್ನೇನು ಯೋಚನೆ? ಈ ಸಲ ಮೊತ್ತ ದೊಡ್ಡದಾದ್ದರಿಂದ ಮೊದಲ ಬಾರಿಗೆ ದರದ ಸಾಲನ್ನು ಗಮನವಿಟ್ಟು ಓದಿದೆ. 82.60 ಎಂದಿತ್ತು. ಮಾರುಕಟ್ಟೆಯಲ್ಲಿ 85 ಇರುವ ಹೊತ್ತಿನಲ್ಲಿ 82.60! ಒಂದೊಂದು ಡಾಲರಿಗೂ ₹2.40 ಹೋಗುತ್ತದೆ. 5,000 ಡಾಲರಿಗೆ ₹12,000. ಎದೆ ಧಸಕ್ ಎಂದಿತು.

ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವವರೊಬ್ಬರಿಗೆ ತೋರಿಸಿದೆ. "ರೂಪಾಯಿ ಮಾಡಿ ಕಳಿಸ್ಬೇಡಿ. ಡಾಲರಿನಲ್ಲೇ ಕಳಿಸಿ, ಅಲ್ಲಿಯ ಬ್ಯಾಂಕು ಬದಲಾಯಿಸ್ಲಿ. ಅವರ ರೇಟ್ ಇದಕ್ಕಿಂತ ಎಷ್ಟೋ ವಾಸಿ" ಅಂದರು. ಮಾತು ತಪ್ಪಲ್ಲ, ಅರ್ಧ ಮಾತ್ರ. ಉಳಿದರ್ಧವನ್ನು ನಾನು ಕೇಳಲಿಲ್ಲ.

12ರ ಗುರುವಾರ ವೈರ್ ಮಾಡಿದೆ. 5,000 ಡಾಲರ್, ಮೇಲೆ 45 ಶುಲ್ಕ. ಕಳಿಸುವ ಮುಂಚೆ ಬ್ಯಾಂಕು ಒಂದು ವಿವರ ಪುಟ ತೋರಿಸಿತು. ಅಮೆರಿಕದಲ್ಲಿ ಕಾನೂನು ಪ್ರಕಾರ ಅದನ್ನು ತೋರಿಸಲೇಬೇಕು: ಶುಲ್ಕ ಎಷ್ಟು, ದರ ಎಷ್ಟು, ಪಡೆಯುವವರಿಗೆ ಸೇರುವುದು ಎಷ್ಟು. ಹಣ ಕಟ್ಟಿದ ಮೇಲೂ 30 ನಿಮಿಷದೊಳಗೆ ರದ್ದು ಮಾಡುವ ಹಕ್ಕು ಸಾಮಾನ್ಯವಾಗಿ ಇರುತ್ತದೆ. ನನ್ನ ಪುಟದಲ್ಲಿ `Total to Recipient` ಎಂಬಲ್ಲಿ 5,000.00 USD ಎಂದಿತ್ತು. ನಾನು ನೆಮ್ಮದಿಯಾಗಿ ಒಪ್ಪಿಗೆ ಒತ್ತಿದೆ. ಡಾಲರಿನಲ್ಲೇ ಕಳಿಸುವಾಗ ಈ ಪುಟದಲ್ಲಿ ರೂಪಾಯಿ ದರವೇ ಇರುವುದಿಲ್ಲ, ಯಾಕೆಂದರೆ ಬದಲಾವಣೆ ಆಗುವುದು ಆಚೆ ಕಡೆಯಲ್ಲಿ. ಕೆಳಗೆ ಒಂದು ವಾಕ್ಯವಿತ್ತು: ಪಡೆಯುವವರ ಬ್ಯಾಂಕಿನ ಶುಲ್ಕ ಮತ್ತು ಅಲ್ಲಿಯ ತೆರಿಗೆಯಿಂದಾಗಿ ಅವರಿಗೆ ಕಡಿಮೆ ಸಿಗಬಹುದು. ಅದನ್ನು ಓದಿದ್ದೆ. ನೂರಿನ್ನೂರು ರೂಪಾಯಿ ಇರಬಹುದು ಅಂದುಕೊಂಡು ಬಿಟ್ಟೆ.

ಶುಕ್ರವಾರ ಹೋಯಿತು. ಶನಿವಾರ, ಭಾನುವಾರ ರಜೆ. ಅಪ್ಪ ದಿನಕ್ಕೆರಡು ಸಲ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿ ಬರುತ್ತೇನೆ ಅನ್ನುವವರು, ನಾನು ಬೇಡ ಅನ್ನುವುದು. ಸೋಮವಾರ ಬ್ಯಾಂಕಿನಿಂದ ಅವರಿಗೆ ಫೋನ್ ಬಂತು: ಹೊರದೇಶದಿಂದ ಹಣ ಬಂದಿದೆ, ಯಾತಕ್ಕೆ ಅಂತ ಬರೆದುಕೊಡಬೇಕು, ಬಂದು ಸಹಿ ಮಾಡಿ. ನನ್ನ ಸಣ್ಣ ಮೊತ್ತಗಳಿಗೆ ಯಾರೂ ಇದನ್ನು ಕೇಳಿರಲಿಲ್ಲ. ಅಪ್ಪ ಗಾಬರಿಯಾಗಿ ನನಗೆ ಕರೆ ಮಾಡಿದಾಗ ಇಲ್ಲಿ ನಡುರಾತ್ರಿ.

"ಏನೋ ಕೋಡ್ ಬರೀಬೇಕಂತೆ ಮಗಾ. ನಂಗೆ ಅದೆಲ್ಲ ಏನು ಗೊತ್ತು?"

ಕೋಡ್ ಅಂದರೆ ಪರ್ಪಸ್ ಕೋಡ್. ಭಾರತಕ್ಕೆ ಬರುವ ಪ್ರತಿ ವಿದೇಶಿ ಹಣಕ್ಕೂ ರಿಸರ್ವ್ ಬ್ಯಾಂಕಿನ ಪಟ್ಟಿಯಿಂದ ಒಂದು ಕೋಡ್ ಹಾಕಬೇಕು. ಹೊರಗಿರುವ ಮಕ್ಕಳು ಮನೆಯವರ ಖರ್ಚಿಗೆಂದು ಕಳಿಸುವ ಹಣಕ್ಕೆ `P1301`. ಮಂಗಳವಾರ ಅಪ್ಪ ಹೋಗಿ ಅದನ್ನೇ ಬರೆದು ಸಹಿ ಹಾಕಿ ಬಂದರು. ನೀವು ವೈರ್ ಅರ್ಜಿ ತುಂಬುವಾಗಲೇ ಉದ್ದೇಶದ ಜಾಗದಲ್ಲಿ `P1301 FAMILY MAINTENANCE` ಎಂದು ಬರೆದಿಟ್ಟರೆ, ಈ ಒಂದೆರಡು ದಿನ ಉಳಿಯುವ ಸಾಧ್ಯತೆ ಇದೆ. ನಾನು ಆ ಜಾಗವನ್ನು ಖಾಲಿ ಬಿಟ್ಟಿದ್ದೆ.

ಬುಧವಾರ 18ರಂದು ಹಣ ಬಿತ್ತು. ಅಪ್ಪ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬಂದು ವೀಡಿಯೋ ಕರೆಯಲ್ಲಿ ತೋರಿಸಿದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿ ಓದಿದರು. ನಾಲ್ಕು, ಒಂದು, ಒಂಬತ್ತು, ಮೂರು, ನಾಲ್ಕು, ಆರು. ನಾನು ಇನ್ನೊಮ್ಮೆ ಓದಿ ಅಂದೆ. ಇನ್ನೊಮ್ಮೆ ಓದಿದರು. ₹4,19,346.

"ಎರಡೂವರೆ ಸಾವಿರ ಕಡಿಮೆ ಇದೆಯಲ್ಲ. ನೀನೇ ಕಡಿಮೆ ಕಳ್ಸಿದ್ಯಾ?"

ಆ ಪ್ರಶ್ನೆ ಇವತ್ತಿಗೂ ಕಿವಿಯಲ್ಲಿದೆ. ಅವರು ಆಕ್ಷೇಪಣೆಗೆ ಕೇಳಿದ್ದಲ್ಲ, ಕೈ ಬಿಗಿ ಇದೆಯೇನೋ ಅಂತ ಕಳವಳದಿಂದ ಕೇಳಿದ್ದು. ನನ್ನ ಖಾತೆಯಿಂದ 5,045 ಡಾಲರ್ ಹೋಗಿತ್ತು. ಅದು ಎಲ್ಲಿ ಸೋರಿತು ಅಂತ ಅವರಿಗೆ ಹೇಳಲು ನನ್ನ ಬಳಿ ಉತ್ತರ ಇರಲಿಲ್ಲ.

ಸಾಲ ಮುಚ್ಚಲು ₹2,454 ಕಡಿಮೆ. ಖಾತೆಯಲ್ಲಿ ಮೊದಲಿದ್ದ ಹಣ ತಿಂಗಳ ಖರ್ಚಿಗೆ ಹೋಗಿತ್ತು. ಯಾರ ಹತ್ತಿರವಾದರೂ ಕೇಳುತ್ತೇನೆ ಅಂದರು. ಬೇಡಪ್ಪ, ಎರಡು ದಿನ ಇದೆ, ಕಳಿಸುತ್ತೇನೆ ಅಂದೆ. ಪೂರ್ತಿ ಮೊತ್ತ ಇಲ್ಲದೆ ಸಾಲದ ಖಾತೆ ಮುಚ್ಚುವುದಿಲ್ಲ, ಖಾತೆ ಮುಚ್ಚದೆ ಮನೆಯ ಮೂಲ ಪತ್ರಗಳು ಕೈಗೆ ಬರುವುದಿಲ್ಲ. ಒಂದು ರೂಪಾಯಿ ಕಡಿಮೆಯಾದರೂ ಇದೇ ಕಥೆ.

ಎರಡೂವರೆ ಸಾವಿರಕ್ಕೆ ಮತ್ತೆ 45 ಡಾಲರ್ ಕೊಟ್ಟು ವೈರ್ ಮಾಡಿ ಐದಾರು ದಿನ ಕಾಯುವ ಪ್ರಶ್ನೆಯೇ ಇರಲಿಲ್ಲ. ನಗದಾಗಿ ಕೌಂಟರಿನಲ್ಲಿ ತೆಗೆದುಕೊಳ್ಳುವ ದಾರಿಯನ್ನೂ ನೋಡಿದೆ. ಆ ಬಗೆಯ ಸೇವೆಗೆ ಭಾರತದಲ್ಲಿ ಒಂದು ಸಲಕ್ಕೆ 2,500 ಡಾಲರ್, ಒಬ್ಬ ವ್ಯಕ್ತಿಗೆ ವರ್ಷಕ್ಕೆ 30 ಸಲ, ನಗದು ₹50,000ದವರೆಗೆ ಎಂಬ ಮಿತಿಗಳಿವೆ. ನನ್ನ ಸಣ್ಣ ಮೊತ್ತಕ್ಕೆ ಅವು ಅಡ್ಡಿಯಲ್ಲ. ಆದರೆ ಅಪ್ಪ ಮತ್ತೆ ಎಲ್ಲೋ ಹೋಗಿ ಸಾಲಿನಲ್ಲಿ ನಿಲ್ಲಬೇಕಲ್ಲ ಅಂತ ಕೈಬಿಟ್ಟೆ. (ಇಲ್ಲಿ ನಗದು ಕೊಟ್ಟು ಕಳಿಸುವವರು ಗಮನಿಸಿ: 2026ರ ಜನವರಿ 1ರಿಂದ ಅಮೆರಿಕ ಸರ್ಕಾರ ಅಂಥ ರವಾನೆಗೆ 1% ತೆರಿಗೆ ಹಾಕಿದೆ. ಅಮೆರಿಕದ ಬ್ಯಾಂಕ್ ಖಾತೆಯಿಂದ ಅಥವಾ ಇಲ್ಲಿಯ ಡೆಬಿಟ್ ಕಾರ್ಡಿನಿಂದ ಕಟ್ಟಿದರೆ ಅದು ಬೀಳುವುದಿಲ್ಲ.)

ಕೊನೆಗೆ ಒಂದು ಆ್ಯಪ್ ಹಾಕಿಕೊಂಡೆ. ತೆರೆದ ಕೂಡಲೇ 85.60, ಶುಲ್ಕ ಸೊನ್ನೆ! ಮಾರುಕಟ್ಟೆಗಿಂತ ಹೆಚ್ಚು ದರ ಕೊಡಲು ಹೇಗೆ ಸಾಧ್ಯ ಅಂತ ಕೆಳಗೆ ನೋಡಿದರೆ, ಹೊಸಬರಿಗೆ, ಮೊದಲ ಸಲಕ್ಕೆ, ಮೊದಲ 1,000 ಡಾಲರಿಗೆ ಮಾತ್ರ. ಅದರಾಚೆ 84.10. ನನಗೆ ಬೇಕಾದದ್ದು 50 ಡಾಲರ್, ಹಾಗಾಗಿ ಸರಿ. ಆದರೆ ಗುರುತಿನ ಪರಿಶೀಲನೆಯಲ್ಲಿ ಸಿಕ್ಕಿಹಾಕಿಕೊಂಡೆ. ನನ್ನ ಡ್ರೈವಿಂಗ್ ಲೈಸೆನ್ಸಿನಲ್ಲಿ ಇನಿಷಿಯಲ್ ಬಿಡಿಸಿ ಪೂರ್ತಿ ಹೆಸರಿದೆ, ಬ್ಯಾಂಕ್ ಖಾತೆಯಲ್ಲಿ ಬರೀ ಇನಿಷಿಯಲ್ ಇದೆ. ಹೆಸರು ಹೊಂದುತ್ತಿಲ್ಲ ಎಂದು ತಡೆಹಿಡಿದರು. ಪಾಸ್‌ಪೋರ್ಟ್ ಕಳಿಸಿ, ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿ, ಕಾಯಿರಿ. ಅಪ್ಪನ ಹೆಸರಿಗೂ ಅದೇ ಪಾಡು. ನಾನು ಪೂರ್ತಿ ಬಿಡಿಸಿ ಬರೆದಿದ್ದೆ, ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಮುಂದೆ ಬಂದು ಹೆಸರು ಆಮೇಲೆ ಇದೆ. ನಮ್ಮ ಕಡೆಯ ಹೆಸರುಗಳಿಗೆ ಇದು ಎಲ್ಲರಿಗೂ ಎದುರಾಗುವ ತೊಡಕು. ಪಾಸ್‌ಬುಕ್ಕಿನಲ್ಲಿ ಹೇಗೆ ಅಚ್ಚಾಗಿದೆಯೋ ಅಕ್ಷರಕ್ಕಕ್ಷರ ಹಾಗೇ ಬರೆಯಿರಿ. ಹಣ ಬೇಕಾಗುವ ದಿನಕ್ಕೆ ಕಾಯದೆ, ಒಂದು ತಿಂಗಳು ಮುಂಚೆಯೇ ಖಾತೆ ತೆರೆದು ಪರಿಶೀಲನೆ ಮುಗಿಸಿಟ್ಟುಕೊಳ್ಳಿ.

20ರ ಶುಕ್ರವಾರ ಹೀಗೇ ಕಳೆದುಹೋಯಿತು. ಪರಿಶೀಲನೆ ಮುಗಿದದ್ದು ಶನಿವಾರ. ಡೆಬಿಟ್ ಕಾರ್ಡಿನಿಂದ 50 ಡಾಲರ್ ಹಾಕಿದೆ, ಕೆಲವೇ ನಿಮಿಷಗಳಲ್ಲಿ ಅಪ್ಪನ ಫೋನಿಗೆ ₹4,280 ಜಮೆಯಾದ ಸಂದೇಶ ಬಂತು. ಆದರೆ ಕಾರ್ಡಿನಿಂದ ಕಟ್ಟಿದ್ದಕ್ಕೆ 2.99 ಡಾಲರ್ ಬೇರೆ ಹಿಡಿದಿದ್ದರು. "ಶುಲ್ಕ ಸೊನ್ನೆ" ಎಂಬುದು ಬ್ಯಾಂಕ್ ಖಾತೆಯಿಂದ ಎಳೆದುಕೊಂಡರೆ ಮಾತ್ರ, ಅದಕ್ಕೆ ಮೂರ್ನಾಲ್ಕು ದಿನ. 52.99 ಡಾಲರಿಗೆ 4,280 ರೂಪಾಯಿ ಅಂದರೆ ಡಾಲರಿಗೆ ನಿಜವಾಗಿ ಸಿಕ್ಕಿದ್ದು 80.77. ಪರದೆಯಲ್ಲಿ ಕಂಡದ್ದು 85.60.

ಸೋಮವಾರ 23ರಂದು ಅಪ್ಪ ಹೊಸ ಪತ್ರ ತೆಗೆಸಿ, ಮೂರು ದಿನದ ಬಡ್ಡಿ ₹312 ಸೇರಿಸಿ ₹4,22,112 ಕಟ್ಟಿದರು. ಸಾಲ ಮುಗಿಯಿತು.

ಅಂದೇ ರಾತ್ರಿ ನಾನು ಕಾಗದ ಹಿಡಿದು ಕೂತೆ. ಹಣ ಎಲ್ಲಿ ಹೋಯಿತು ಅಂತ ಅಪ್ಪನಿಗೆ ಹೇಳಲೇಬೇಕಿತ್ತು. ಅವರ ಬ್ಯಾಂಕಿನಿಂದ ಎರಡು ಕಾಗದ ಕೇಳಿ ತರಿಸಿಕೊಂಡೆ: ಹೊರಗಿನಿಂದ ಬಂದ ಹಣದ ವಿವರ ಇರುವ ಇನ್‌ವರ್ಡ್ ರೆಮಿಟೆನ್ಸ್ ಅಡ್ವೈಸ್ ಮತ್ತು ಹಣ ದಾಟಿಸಲು ಬ್ಯಾಂಕುಗಳು ತಮ್ಮತಮ್ಮಲ್ಲಿ ಕಳಿಸಿಕೊಳ್ಳುವ ಸ್ವಿಫ್ಟ್ ಸಂದೇಶದ ಪ್ರತಿ. ಕೇಳಿದರೆ ಕೊಡುತ್ತಾರೆ, ಕೇಳಬೇಕು ಅಷ್ಟೆ. ಸ್ವಿಫ್ಟ್ ಪ್ರತಿಯಲ್ಲಿ ನೋಡಬೇಕಾದ ಸಾಲುಗಳು ಇವು:

```
33B: USD5000,00
71A: SHA
71F: USD20,00
32A: USD4980,00
```

(`32A`ಯಲ್ಲಿ ಮೊತ್ತದ ಮುಂದೆ ತಾರೀಖೂ ಇರುತ್ತದೆ, ಇಲ್ಲಿ ಬಿಟ್ಟಿದ್ದೇನೆ.) `33B` ನಾನು ಕಳಿಸಲು ಹೇಳಿದ್ದು, `32A` ಅಪ್ಪನ ಬ್ಯಾಂಕಿಗೆ ತಲುಪಿದ್ದು. ನಡುವೆ 20 ಡಾಲರ್ ಇಲ್ಲ, `71F` ಅದೇ. ನನ್ನ ಬ್ಯಾಂಕಿಗೂ ಅಪ್ಪನ ಬ್ಯಾಂಕಿಗೂ ನೇರ ಖಾತೆ ಸಂಬಂಧ ಇಲ್ಲದಿದ್ದರೆ ಮಧ್ಯದಲ್ಲಿ ಇನ್ನೊಂದು ಬ್ಯಾಂಕು ಹಣ ದಾಟಿಸುತ್ತದೆ, ಅದು ತನ್ನ ಕೂಲಿಯನ್ನು ಹಣದಿಂದಲೇ ಮುರಿದುಕೊಳ್ಳುತ್ತದೆ. `SHA` ಅಂದರೆ ಖರ್ಚು ಇಬ್ಬರಿಗೂ ಹಂಚಿಕೆ: ನನ್ನ ಬ್ಯಾಂಕಿನ ಶುಲ್ಕ ನನಗೆ, ದಾರಿಯ ಉಳಿದ ಖರ್ಚು ಪಡೆಯುವವರಿಗೆ. `OUR` ಎಂದಿದ್ದರೆ ಎಲ್ಲವೂ ಕಳಿಸುವವರ ಮೇಲೆ. ನಾನು ತುಂಬಿದ ಅರ್ಜಿಯಲ್ಲಿ ಆ ಆಯ್ಕೆ ಕಾಣಲೇ ಇಲ್ಲ. ಪೂರ್ತಿ ಮೊತ್ತವೇ ತಲುಪಬೇಕಾದವರು ಶಾಖೆಗೆ ಹೋಗಿ ಬಾಯಿಬಿಟ್ಟು ಕೇಳಬೇಕು. ಹೊಸ ಮಾದರಿಯ ಸಂದೇಶದ ಪ್ರತಿ ಸಿಕ್ಕರೆ ಅದರಲ್ಲಿ `SHA` ಬದಲು `SHAR`, `OUR` ಬದಲು `DEBT` ಎಂದಿರುತ್ತದೆ.

ಇನ್ನು ಅಡ್ವೈಸ್. ಅದರಲ್ಲಿ 4,980 ಡಾಲರನ್ನು 84.30ರ ದರದಲ್ಲಿ ಬದಲಾಯಿಸಿದ್ದರು. ಇದು ಬ್ಯಾಂಕಿನ ಟಿಟಿ ಬೈಯಿಂಗ್ ರೇಟ್, ಹೊರಗಿನಿಂದ ವೈರ್ ಮೂಲಕ ಬಂದ ಹಣಕ್ಕೆ ಅವರು ಕೊಡುವ ದರ. ಹಣ ತಲುಪಿದ ದಿನದ್ದಲ್ಲ, ಬದಲಾಯಿಸಿದ ದಿನದ್ದು. ಅಂದರೆ ಅಪ್ಪನ ಸಹಿಗೆ ಕಾದ ಎರಡು ದಿನ ರೂಪಾಯಿ ಏರಿದ್ದರೆ ನಷ್ಟ, ಇಳಿದಿದ್ದರೆ ಲಾಭ ನಮಗೇ ಆಗುತ್ತಿತ್ತು. ನಮ್ಮ ಪುಣ್ಯಕ್ಕೆ ಮಾರುಕಟ್ಟೆ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. ಕೊನೆಯ ಸಾಲಿನಲ್ಲಿ ₹467.83 ಜಿಎಸ್‌ಟಿ. ಕರೆನ್ಸಿ ಬದಲಾವಣೆಯೂ ಒಂದು ಸೇವೆ ಅಂತ ಲೆಕ್ಕ; ಒಂದು ಲಕ್ಷ ರೂಪಾಯಿಯಿಂದ ಹತ್ತು ಲಕ್ಷದವರೆಗಿನ ಮೊತ್ತಕ್ಕೆ ಆ ಸೇವೆಯ ಬೆಲೆ ₹1,000 ಮತ್ತು ಲಕ್ಷ ಮೀರಿದ ಭಾಗದ 0.5% ಎಂದು ನಿಯಮ ಹೇಳುತ್ತದೆ. ತೆರಿಗೆ ಬೀಳುವುದು ಆ ಬೆಲೆಯ ಮೇಲೆ 18%, ಇಡೀ ಮೊತ್ತದ ಮೇಲಲ್ಲ. ನಮ್ಮ ₹4,19,814ಕ್ಕೆ ಬೆಲೆ ₹2,599, ಅದರ 18% ಅಂದರೆ ₹468. ಸರಿಹೋಯಿತು.

ಈಗ ಕೂಡಿಸಿದೆ. ನನ್ನ ಖಾತೆಯಿಂದ ಹೋದ 5,045 ಡಾಲರಿಗೆ ಮಾರುಕಟ್ಟೆ ದರದಲ್ಲಿ ₹4,28,825 ಆಗಬೇಕು. ಬಂದದ್ದು ₹4,19,346. ಸೋರಿದ್ದು ₹9,479. ಅದರಲ್ಲಿ ನನ್ನ ಬ್ಯಾಂಕಿನ 45 ಡಾಲರ್ ಶುಲ್ಕ ₹3,825, ಮಧ್ಯದ ಬ್ಯಾಂಕಿನ 20 ಡಾಲರ್ ₹1,700, ಅಪ್ಪನ ಬ್ಯಾಂಕಿನ ಮಾರ್ಜಿನ್ ಡಾಲರಿಗೆ 70 ಪೈಸೆಯಂತೆ ₹3,486, ಜಿಎಸ್‌ಟಿ ₹468. ಒಂದು ರೂಪಾಯಿಯೂ ಆಚೀಚೆ ಆಗದೆ ಲೆಕ್ಕ ಕೂಡಿಬಂದಾಗ, ಐದು ದಿನದಿಂದ ಎದೆಯ ಮೇಲಿದ್ದ ಭಾರ ಇಳಿದಂತಾಯಿತು. ಮರುದಿನ ಅಪ್ಪನಿಗೆ ಇದನ್ನೇ ಬಿಡಿಸಿ ಹೇಳಿದೆ. ಅವರು ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ನಾಲ್ಕೂ ಅಂಕಿಗಳನ್ನು ಬರೆದುಕೊಂಡರು.

ಅಲ್ಲಿಗೆ ಬಿಡಲು ಮನಸ್ಸಾಗಲಿಲ್ಲ. ಅದೇ 5,045 ಡಾಲರನ್ನು ಬೇರೆ ದಾರಿಗಳಲ್ಲಿ ಹಾಕಿದ್ದರೆ ಏನಾಗುತ್ತಿತ್ತು ಅಂತ, ಒಂದು ವಾರದ ದಿನ ಹತ್ತು ನಿಮಿಷದೊಳಗೆ ಎಲ್ಲ ಪರದೆಗಳನ್ನೂ ತೆರೆದು ನೋಡಿದೆ. ಹತ್ತು ನಿಮಿಷದೊಳಗೆ ಅನ್ನುವುದು ಮುಖ್ಯ. ಬೆಳಿಗ್ಗೆ ಒಂದರ ದರ, ಸಂಜೆ ಇನ್ನೊಂದರ ದರ ನೋಡಿದರೆ ಮಾರುಕಟ್ಟೆಯ ಏರಿಳಿತವನ್ನೇ ಮಾರ್ಜಿನ್ ಅಂದುಕೊಳ್ಳುತ್ತೇವೆ. ಶನಿವಾರ, ಭಾನುವಾರ ಹೋಲಿಸಲೂ ಬೇಡಿ. ಮಾರುಕಟ್ಟೆ ಮುಚ್ಚಿರುವಾಗ ಸೋಮವಾರದ ಏರಿಳಿತಕ್ಕೆಂದು ಕೆಲವರು ಮಾರ್ಜಿನ್ ಹಿಗ್ಗಿಸಿ ಇಟ್ಟಿರುತ್ತಾರೆ. ದರ, ಶುಲ್ಕ, ಆಫರ್ ಎಲ್ಲವನ್ನೂ ಮರೆತು ಒಂದೇ ಒಂದು ಅಂಕಿ ತೆಗೆದೆ:

```
ನಿಜ ದರ = ಖಾತೆಗೆ ಬೀಳುವ ರೂಪಾಯಿ ÷ ನನ್ನಿಂದ ಹೋಗುವ ಒಟ್ಟು ಡಾಲರ್
```

ನಾನು ಎರಡು ವರ್ಷ ನಂಬಿದ್ದ ಸೊನ್ನೆ ಶುಲ್ಕದ ರೂಪಾಯಿ ವೈರ್: ₹4,16,717. ನಿಜ ದರ 82.60. ಎಲ್ಲಕ್ಕಿಂತ ಕೆಳಗೆ. ಸಹೋದ್ಯೋಗಿ ಹೇಳಿದ ಡಾಲರ್ ವೈರ್ ಅದಕ್ಕಿಂತ ವಾಸಿಯೇ, 83.12. 85.60 ತೋರಿಸುವ ಆ್ಯಪ್‌ನಲ್ಲಿ ಮೊದಲ ಸಾವಿರ ಡಾಲರಿಗೆ ಆ ದರ, ಉಳಿದ 4,045ಕ್ಕೆ 84.10 ಹಾಕಿದರೆ ₹4,25,785, ನಿಜ ದರ 84.40. ಇನ್ನೊಂದು ಆನ್‌ಲೈನ್ ಕಂಪನಿ ಇತ್ತು, ಅದರಲ್ಲಿ 27 ಡಾಲರ್ ಶುಲ್ಕ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು, ಆದರೆ ಉಳಿದ 5,018 ಡಾಲರನ್ನು ಮಾರುಕಟ್ಟೆ ದರ 85.00ರಲ್ಲೇ ಬದಲಾಯಿಸುತ್ತಿದ್ದರು. ಅದರಲ್ಲಿ ₹4,26,530, ನಿಜ ದರ 84.55. ಶುಲ್ಕ ಸೊನ್ನೆ ಎಂದದ್ದು ಕೊನೆಗೆ ಬಂತು, ಶುಲ್ಕ ತೋರಿಸಿದ್ದು ಮೊದಲಿಗೆ ಬಂತು. ನಡುವಿನ ವ್ಯತ್ಯಾಸ ₹9,813. ಮೊದಲ ದಿನವೇ ಈ ಕಂಪನಿಯಲ್ಲಿ ಹಾಕಿದ್ದರೆ 20ರೊಳಗೆ ಸಾಲ ಮುಗಿದು ಅಪ್ಪನ ಕೈಯಲ್ಲಿ ₹4,730 ಉಳಿಯುತ್ತಿತ್ತು.

ಆದರೆ ಈ ಕ್ರಮಾಂಕವನ್ನು ಹಾಗೇ ಎತ್ತಿಕೊಳ್ಳಬೇಡಿ, ಇದು 5,000 ಡಾಲರಿನ ಕ್ರಮಾಂಕ. ವೈರ್‌ನಲ್ಲಿ ಹೋದ 45 ಮತ್ತು 20 ಡಾಲರ್ ಮೊತ್ತ ಎಷ್ಟಾದರೂ ಅಷ್ಟೇ. 500 ಕಳಿಸಿದರೆ ಆ 65 ಡಾಲರ್ ನೂರಕ್ಕೆ ಹದಿಮೂರು, ಲೂಟಿಯೇ ಸರಿ. 50,000 ಕಳಿಸಿದರೆ ನೂರಕ್ಕೆ 13 ಪೈಸೆ. ಮಾರ್ಜಿನ್ ಹಾಗಲ್ಲ, ಮೊತ್ತ ಬೆಳೆದಂತೆ ಅದೂ ಬೆಳೆಯುತ್ತದೆ. ಅಪ್ಪನ ಬ್ಯಾಂಕಿನ ಮ್ಯಾನೇಜರ್ ಹೇಳಿದ ಒಂದು ಮಾತು ನನಗೆ ಹೊಸದು: ದೊಡ್ಡ ಮೊತ್ತ ಬರುವುದಿದ್ದರೆ ಮೊದಲೇ ತಿಳಿಸಿ, ಬೋರ್ಡಿನ ಮೇಲಿನ ದರ ಬಿಟ್ಟು ಫಾರೆಕ್ಸ್ ವಿಭಾಗದಿಂದ ವಿಶೇಷ ದರ ಕೇಳಬಹುದು. ಬದಲಾಯಿಸಿದ ಮೇಲೆ ಕೇಳಿ ಪ್ರಯೋಜನವಿಲ್ಲ. 50,000 ಡಾಲರಿಗೆ 84.80 ಸಿಕ್ಕಿತು ಅಂತ ಇಟ್ಟುಕೊಂಡು ಲೆಕ್ಕ ಹಾಕಿ ನೋಡಿದೆ. ಶುಲ್ಕ, ಮಾರ್ಜಿನ್, ಜಿಎಸ್‌ಟಿ ಎಲ್ಲ ಸೇರಿ ಖರ್ಚು 0.40%. ನನ್ನ 5,000ಕ್ಕೆ ಮೊದಲಿಗೆ ಬಂದ ಕಂಪನಿಯ ಖರ್ಚು 0.54%. ಅಂದರೆ ನನಗೆ ಕೈಕೊಟ್ಟ ಆ ವೈರೇ, ದರ ಮೊದಲೇ ಮಾತಾಡಿಕೊಂಡರೆ, ಸೈಟು ಮಾರಿದ ಅಥವಾ ಕೊಳ್ಳುವ ಮಟ್ಟದ ಮೊತ್ತಕ್ಕೆ ಯೋಚಿಸಬೇಕಾದ ದಾರಿ.

ಕೊನೆಗೆ ಹಳೆಯ ರಸೀದಿಗಳನ್ನು ತೆಗೆದೆ. ಇದು ಮಾಡದೆ ಇದ್ದಿದ್ದರೆ ಚೆನ್ನಾಗಿತ್ತೇನೋ ಅನ್ನಿಸಿದ ಕೆಲಸ. ಮಾರುಕಟ್ಟೆ ದರಕ್ಕೆ ಅಳತೆಗೋಲಾದ ಡಾಲರ್ ಮತ್ತು ರೂಪಾಯಿಯ ರೆಫರೆನ್ಸ್ ರೇಟನ್ನು ಕೆಲಸದ ದಿನಗಳಲ್ಲೆಲ್ಲ ಪ್ರಕಟಿಸುತ್ತಾರೆ, ಹಳೆಯ ದಿನಗಳದ್ದೂ ಸಿಗುತ್ತದೆ. 2018ರ ಜುಲೈವರೆಗೆ ರಿಸರ್ವ್ ಬ್ಯಾಂಕೇ ಲೆಕ್ಕ ಹಾಕುತ್ತಿತ್ತು, ಈಗ ಎಫ್‌ಬಿಐಎಲ್ ಎಂಬ ಸಂಸ್ಥೆ. 24 ರಸೀದಿಗಳ ದರಗಳನ್ನು ಆಯಾ ದಿನದ ರೆಫರೆನ್ಸ್ ದರದ ಪಕ್ಕ ಬರೆದೆ. ಒಮ್ಮೆ 2.10, ಒಮ್ಮೆ 2.40, ಒಮ್ಮೆ 2.50 ರೂಪಾಯಿ ಕಡಿಮೆ. ಎರಡಕ್ಕಿಂತ ಕೆಳಗಿಳಿದ ತಿಂಗಳು ಒಂದೂ ಇಲ್ಲ. ತಿಂಗಳಿಗೆ 500 ಡಾಲರಿನಂತೆ ಒಟ್ಟು ₹27,000ದ ಹತ್ತಿರ ಹೋಗಿತ್ತು. ಪ್ರತಿ ರಸೀದಿಯಲ್ಲೂ ಶುಲ್ಕದ ಎದುರಿಗೆ 0.00 ಎಂದೇ ಇತ್ತು.

ಅಪ್ಪನಿಗೆ ಈ ಒಂದು ಅಂಕಿಯನ್ನು ಹೇಳಿಲ್ಲ. ಹೇಳಿದರೆ ತಾನು ತೆಗೆದುಕೊಂಡದ್ದಕ್ಕೇ ಆದ ನಷ್ಟ ಅಂತ ನೊಂದುಕೊಳ್ಳುತ್ತಾರೆ.

ಮನೆ ಪತ್ರಗಳ ವಿಷಯ: ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ಮರಳಿಸಬೇಕು, ತಡವಾದರೆ ಮತ್ತು ತಪ್ಪು ಬ್ಯಾಂಕಿನದಾದರೆ ದಿನಕ್ಕೆ ₹5,000 ಪರಿಹಾರ ಎಂದು ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರಿನಿಂದ ಇದೆ. ಹನ್ನೊಂದನೆಯ ದಿನ ಅಪ್ಪ ಹೋಗಿ ತಂದರು. ಪ್ಲಾಸ್ಟಿಕ್ ಕವರಿನೊಳಗಿಂದ ಹಳದಿಯಾದ ಕ್ರಯಪತ್ರ ತೆಗೆದು ಕ್ಯಾಮೆರಾಕ್ಕೆ ಹಿಡಿದರು. ಅವರ ಇಪ್ಪತ್ತು ವರ್ಷ ಹಿಂದಿನ ಸಹಿ ಕಾಣಿಸಿತು.

ಈ ತಿಂಗಳ 500 ಡಾಲರನ್ನು ಆ ಆನ್‌ಲೈನ್ ಕಂಪನಿಯಿಂದ ಕಳಿಸಿದೆ. ಹಣ ಬಿದ್ದ ಕೂಡಲೇ ಅಪ್ಪನೇ ಫೋನ್ ಮಾಡಿ, ನಾನು ಕೇಳುವ ಮುಂಚೆ ಮೊತ್ತ ಓದಿ, "ನಿನ್ ಖಾತೆಯಿಂದ ಎಷ್ಟು ಹೋಯ್ತು ಹೇಳು, ಬರ್ಕೊಳ್ತೀನಿ" ಅಂದರು.